ಮಣ್ಣುರಸ್ತೆಯ ಹುಡುಗಿ ಟ್ರ್ಯಾಕಿಗೆ ಇಳಿದಾಗ

ಪ್ರಶ್ನೆ: ನಾನೊಂದು ಸಣ್ಣಕತೆ ಬರೆದಿದ್ದೇನೆ. ಹದಿನೈದು ವರ್ಷದ ಹುಡುಗಿ ದಿನಾ ಬೆಳಗಾಗುವ ಮೊದಲೇ ಎದ್ದು ಮಣ್ಣುರಸ್ತೆಯಲ್ಲಿ ಹತ್ತು ಕಿಲೋಮೀಟರ್ ಏದುಸಿರು ಬಿಡುತ್ತಾ ಓಡುತ್ತಾಳೆ. ಜಿಲ್ಲಾ ಕ್ರೀಡಾಕೂಟದ 1500 ಮೀಟರ್ ಓಟದಲ್ಲಿ ಕೊನೆಯ ಸುತ್ತಿನ ಗಂಟೆ ಹೊಡೆದಾಗ ಅರವತ್ತು ಮೀಟರ್ ಹಿಂದಿದ್ದವಳು ಎಲ್ಲರನ್ನೂ ದಾಟಿ ಗೆಲ್ಲುತ್ತಾಳೆ. ಕತೆ ಓದಿದ ಓಟಗಾರ ಗೆಳೆಯನೊಬ್ಬ "ಇದು ಓಡದವರು ಬರೆದ ಕತೆ" ಅಂದುಬಿಟ್ಟ. ನಾನು ಓಡಿದವಳಲ್ಲ, ನಿಜ. ಏನು ಸರಿಮಾಡಬೇಕು?

ಉತ್ತರ: ನಿಮ್ಮ ಗೆಳೆಯನಿಗೆ ಚುಚ್ಚಿದ್ದು ಬಹುಶಃ ಆ ಅರವತ್ತು ಮೀಟರ್. ನಾನು ಶಾಲೆಯ ಮಕ್ಕಳಿಗೆ ಮಧ್ಯಮ ದೂರದ ಓಟ ಕಲಿಸುವವನು. ನನಗೂ ಮೊದಲು ಕಣ್ಣಿಗೆ ಬಿದ್ದಿದ್ದು ಅದೇ. ಅಲ್ಲಿಂದಲೇ ಶುರುಮಾಡೋಣ.

ನಿಮ್ಮ ಹುಡುಗಿ 1500 ಮೀಟರನ್ನು 5 ನಿಮಿಷ 30 ಸೆಕೆಂಡಿನಲ್ಲಿ ಓಡುವವಳು ಅಂತ ಇಟ್ಟುಕೊಳ್ಳಿ. ಆ ವಯಸ್ಸಿಗೆ ನಂಬುವಂಥ ಸಮಯ. ಲೆಕ್ಕಕ್ಕೂ ಸುಲಭ: ನೂರು ಮೀಟರಿಗೆ 22 ಸೆಕೆಂಡ್, ಒಂದು ಸುತ್ತಿಗೆ 88. ಈ ವೇಗದಲ್ಲಿ ಅರವತ್ತು ಮೀಟರ್ ಅಂದರೆ ಸುಮಾರು 13 ಸೆಕೆಂಡ್. ಮುಂದಿರುವವಳು ಕೊನೆಯ ಸುತ್ತನ್ನು 84 ಸೆಕೆಂಡಿನಲ್ಲಿ ಮುಗಿಸಿದರೆ, ನಿಮ್ಮವಳು ಅದೇ 84 ಸೆಕೆಂಡಿನಲ್ಲಿ 460 ಮೀಟರ್ ಓಡಬೇಕು. ಅದು ಸುತ್ತಿಗೆ 73 ಸೆಕೆಂಡಿನ ವೇಗ. ಈ ಹುಡುಗಿ ಸುಸ್ತಿಲ್ಲದೆ, ಬರೀ 400 ಮೀಟರ್ ಓಡು ಅಂದರೂ 70ರ ಆಸುಪಾಸಿನಲ್ಲಿ ಓಡುವವಳು. 1100 ಮೀಟರ್ ಓಡಿ ಕಾಲು ಕಲ್ಲಾದ ಮೇಲೆ 73 ಎಲ್ಲಿಂದ ಬರಬೇಕು? ಛಲದಿಂದ ಬರುತ್ತದೆ ಅಂತ ಬರೆದರೆ ಓದುಗ ನಂಬಬಹುದು, ಓಡಿದವನು ನಂಬಲ್ಲ.

ಹತ್ತು ಮೀಟರ್ ಹಿಂದಿದ್ದರೆ? ಆಗ ಬೇಕಾದ್ದು ಸುತ್ತಿಗೆ 82ರ ವೇಗ. ಇಪ್ಪತ್ತು ಮೀಟರ್ ಹಿಂದಿದ್ದರೆ 80. ಇವು ಆಗುವ ಮಾತು. ಸುತ್ತಿಗೆ 88ರಲ್ಲಿ ಬಂದವಳು ಕೊನೆಯ ಸುತ್ತಿನಲ್ಲಿ ಐದಾರು ಸೆಕೆಂಡ್ ಕಿತ್ತುಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಆದರೆ ನಿಮ್ಮ ಅರವತ್ತು ಮೀಟರನ್ನು ಪೂರ್ತಿ ಬಿಟ್ಟುಬಿಡಬೇಡಿ. ಅಂಥ ಅಂತರ ಮಕ್ಕಳ ಓಟದಲ್ಲಿ ಬರುತ್ತದೆ. ಗಂಟೆ ಹೊಡೆಯುವಾಗ ಅಲ್ಲ, ಅದಕ್ಕೂ ತುಂಬಾ ಮೊದಲು. ಅದು ಯಾಕೆ ಅಂತ ಗೊತ್ತಾದರೆ ನಿಮ್ಮ ಕತೆಯ ಅರ್ಧ ಕೆಲಸ ಮುಗಿದಂತೆ.

1500 ಮೀಟರ್ ಅಂದರೆ 400ರ ಟ್ರ್ಯಾಕಿನಲ್ಲಿ ಮೂರು ಮುಕ್ಕಾಲು ಸುತ್ತು. ನೀವು "ನಾಲ್ಕು ಸುತ್ತು" ಅಂತ ಬರೆದಿದ್ದರೆ ತಿದ್ದಿಕೊಳ್ಳಿ. ಓಟ ಶುರುವಾಗುವುದು ಮುಗಿಯುವ ಗೆರೆಯ ಹತ್ತಿರ ಅಲ್ಲ. ಮೊದಲ ಕರ್ವ್ ಮುಗಿಯುವ ಕಡೆ, ಆಚೆ ಬದಿಯ ನೇರ ಭಾಗ ತೆರೆದುಕೊಳ್ಳುವಲ್ಲಿ ಬಾಗಿದ ಗೆರೆಯ ಮೇಲೆ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ನೋಡುವ ಜನ ಎದುರು ಬದಿಯಲ್ಲಿ ದೂರ ಇರುತ್ತಾರೆ. ಬಗ್ಗಿ ಕೂರುವುದಿಲ್ಲ, "ಸೆಟ್" ಅನ್ನುವ ಮಾತೂ ಇರುವುದಿಲ್ಲ. ಅದು 400 ಮೀಟರ್‌ವರೆಗಿನ ಓಟಗಳಿಗೆ ಮಾತ್ರ. ಇಲ್ಲಿ "ಆನ್ ಯುವರ್ ಮಾರ್ಕ್ಸ್", ಎಲ್ಲರೂ ಗೆರೆಗೆ ಬಂದು ಅಲುಗಾಡದೆ ನಿಲ್ಲುವುದು, ಆಮೇಲೆ ನೇರವಾಗಿ ಗುಂಡಿನ ಸದ್ದು.

ಆ ಸದ್ದಿಗೆ ಹನ್ನೆರಡು ಮಕ್ಕಳು ಒಟ್ಟಿಗೆ ಹಾರುತ್ತಾರೆ. ಮೊಣಕೈ ತಾಗುತ್ತದೆ, ಯಾರದೋ ಸ್ಪೈಕ್ಸ್, ಅಂದರೆ ಅಡಿಯಲ್ಲಿ ಮೊಳೆಯಿರುವ ಶೂ, ಯಾರದೋ ಹಿಮ್ಮಡಿ ಕೆರೆಯುತ್ತದೆ. ಮೊದಲ 300 ಮೀಟರಿನಲ್ಲಿ ಯಾರಿಗೂ ನೋವಿಲ್ಲ. ಹೆದರಿಕೆಯಲ್ಲಿ ಕಾಲು ತಾನಾಗಿ ಓಡುತ್ತದೆ, ವೇಗ ಎಷ್ಟು ಅಂತ ಮೈಗೆ ಗೊತ್ತೇ ಆಗುವುದಿಲ್ಲ. ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬ ಹುಡುಗಿ ಮೊದಲ ಕೂಟದಲ್ಲಿ ಏನು ಮಾಡಿದಳು ಅಂತ ಹೇಳುತ್ತೇನೆ. 5:30ಕ್ಕೆ ಮೊದಲ 300 ಮೀಟರ್ 66 ಸೆಕೆಂಡಿನಲ್ಲಿ ಬರಬೇಕಿತ್ತು. ಅವಳು 57ಕ್ಕೆ ಬಂದಳು. ಮುಂದಿನ ಸುತ್ತು 86. ಅಲ್ಲಿವರೆಗೆ ಮುಖದಲ್ಲಿ ನಗು ಇತ್ತು. ಅದರ ಮುಂದಿನದು 97, ಕೊನೆಯದು 98. ಒಟ್ಟು 5:38. ಮೊದಲ ಒಂದು ನಿಮಿಷದಲ್ಲಿ ಗಳಿಸಿದ 9 ಸೆಕೆಂಡಿಗೆ ಕೊನೆಯ ಎರಡು ಸುತ್ತಿನಲ್ಲಿ 19 ಸೆಕೆಂಡ್ ಬಡ್ಡಿ ಕಟ್ಟಿದಳು. ಮೂರನೇ ಹಂತದಲ್ಲಿ ಅವಳ ಭುಜ ಕಿವಿಯ ಹತ್ತಿರ ಏರಿತ್ತು, ಕೈ ಎದೆಯ ಮುಂದೆ ಅಡ್ಡಡ್ಡ ಬೀಸುತ್ತಿತ್ತು, ಗಲ್ಲ ಮೇಲಕ್ಕೆ ಎದ್ದಿತ್ತು. ಸುಸ್ತಾದ ಓಟಗಾರಳನ್ನು ತೋರಿಸಬೇಕಾದರೆ ಬೆವರು ಬರೆಯಬೇಡಿ, ಆ ಭುಜ ಬರೆಯಿರಿ.

ಇಲ್ಲಿಗೆ ನಿಮ್ಮ ಮಣ್ಣುರಸ್ತೆ ಬರುತ್ತದೆ. ಅಲ್ಲಿ ಓಡಿ ಬಂದ ಮಕ್ಕಳಿಗೆ ದಮ್ಮು ಇರುತ್ತದೆ. ಪಾದ, ಮೀನಖಂಡ ಗಟ್ಟಿಯಾಗಿರುತ್ತದೆ. ಇಲ್ಲದೇ ಇರುವುದು ಪೇಸ್, ಅಂದರೆ 88 ಸೆಕೆಂಡಿನ ಸುತ್ತು ಮೈಗೆ ಹೇಗನ್ನಿಸುತ್ತದೆ ಅನ್ನುವ ಅಂದಾಜು. ಮಣ್ಣುರಸ್ತೆಯಲ್ಲಿ ಗೆರೆ ಇಲ್ಲ, ಸುತ್ತು ಇಲ್ಲ. ಹೋಗುವಾಗ ಕಾಣದಷ್ಟು ಇಳಿಜಾರು, ಬರುವಾಗ ಅಷ್ಟೇ ಏರು. ಕತ್ತಲಲ್ಲಂತೂ ಓಡುವ ಮಕ್ಕಳೆಲ್ಲ "ಇವತ್ತು ಭಾರಿ ಜೋರಾಗಿ ಓಡಿದೆ ಸಾರ್" ಅನ್ನುತ್ತಾರೆ. ವಾಚ್ ನೋಡಿದರೆ ನಿಧಾನ. ದೂರದ್ದು ಏನೂ ಕಾಣದೆ, ಕಾಲ ಬುಡದ ನೆಲ ಮಾತ್ರ ಸರ್ರನೆ ಜಾರುವುದರಿಂದ ಹಾಗನ್ನಿಸುತ್ತದೆ ಅಂತ ನನ್ನ ಅಂದಾಜು.

ಹಾಗಾಗಿ ನಿಮ್ಮ ಕತೆಯಲ್ಲಿ ತರಬೇತಿಯ ದೃಶ್ಯ ಒಂದೇ ಒಂದು ಇಡುವುದಾದರೆ, ಅವಳು ರಸ್ತೆ ಅಳೆಯುವ ದೃಶ್ಯ ಇಡಿ. ಇದಕ್ಕೆ ಟೇಪ್ ಬೇಕಿಲ್ಲ, ಸೈಕಲ್ ಸಾಕು. ಮುಂದಿನ ಚಕ್ರದ ಕಡ್ಡಿಯೊಂದಕ್ಕೆ ಬಣ್ಣದ ದಾರ ಕಟ್ಟುವುದು. ನೆಲದ ಮೇಲೆ ಗುರುತು ಹಾಕಿ ಚಕ್ರವನ್ನು ಸರಿಯಾಗಿ ಒಂದು ಸುತ್ತು ಉರುಳಿಸಿ, ಎಷ್ಟು ದೂರ ಬಂತು ಅಂತ ಸ್ಕೇಲಿನಲ್ಲಿ ಅಳೆಯುವುದು. ಅದು 2.1 ಮೀಟರ್ ಬಂತು ಅಂತಿಟ್ಟುಕೊಳ್ಳಿ. ಆಮೇಲೆ ಸೈಕಲ್ ತಳ್ಳಿಕೊಂಡು ನಡೆಯುತ್ತಾ ದಾರ ಎಷ್ಟು ಸಲ ಕೆಳಗೆ ಬಂತು ಅಂತ ಎಣಿಸುವುದು. 190 ಸುತ್ತಿಗೆ 399 ಮೀಟರ್. ಇನ್ನೊಂದು ದೊಡ್ಡ ಹೆಜ್ಜೆ ಹಾಕಿದರೆ 400. ಅಲ್ಲೊಂದು ಕಲ್ಲು. ನೂರಕ್ಕೊಂದು ಕಲ್ಲು ಇಟ್ಟರೆ ಇನ್ನೂ ಒಳ್ಳೇದು. ಎಣಿಕೆ ನೂರಾ ನಲವತ್ತರಲ್ಲಿ ತಪ್ಪಿ ವಾಪಸ್ ಮೊದಲಿನಿಂದ ಶುರುಮಾಡುವುದು ಖಂಡಿತ ಆಗುತ್ತದೆ, ಅದನ್ನೂ ಹಾಕಿ. ಸೈಕಲ್ ಹಿಡಿದುಕೊಳ್ಳಲು ತಮ್ಮನೋ ತಂಗಿಯೋ ಇದ್ದರೆ ನಿಮಗೆ ಮಾತುಕತೆಗೂ ಜಾಗ ಸಿಗುತ್ತದೆ.

ಕಲ್ಲು ಇಟ್ಟ ಮೇಲೆ ಮೊದಲ ದಿನ ಅವಳು 88 ಅಂದುಕೊಂಡು ಓಡಿದ್ದು 79 ಬರುತ್ತದೆ. ಎರಡನೆಯದು 83, ಐದನೆಯದು 94. ಎರಡು ಮೂರು ವಾರ ಹೀಗೆ ವಾರಕ್ಕೊಮ್ಮೆ 400ರ ಆರು ಓಟ, ನಡುವೆ ಎರಡು ನಿಮಿಷ ನಿಧಾನ ಜಾಗಿಂಗ್. ಬರಬರುತ್ತಾ ಅಂಕಿಗಳು ಹತ್ತಿರ ಬರುತ್ತವೆ: 86, 89, 88, 88, 90, 87. ಹೋಗುವಾಗ ಒಂದೆರಡು ಸೆಕೆಂಡ್ ಕಮ್ಮಿ, ಬರುವಾಗ ಜಾಸ್ತಿ ಬರುವುದು ಇದ್ದೇ ಇರುತ್ತದೆ, ರಸ್ತೆಯ ಇಳಿಜಾರು ಅವಳಿಗೆ ಗೊತ್ತಾಗುವುದೇ ಹಾಗೆ. ಒಂದು ದಿನ ವಾಚ್ ನೋಡದೆ ಓಡಿ, ಕಲ್ಲು ದಾಟಿದ ಮೇಲೆ "ಎಂಬತ್ತೊಂಬತ್ತು" ಅಂತ ತಾನೇ ಹೇಳಿ, ಆಮೇಲೆ ವಾಚ್ ನೋಡುತ್ತಾಳೆ. ಸರಿಯಾಗಿರುತ್ತದೆ. ನನ್ನ ಮಟ್ಟಿಗೆ ನಿಮ್ಮ ಕತೆಯ ತಿರುವು ಇದೇ, ಪದಕ ಅಲ್ಲ.

ಇನ್ನು ಹತ್ತು ಕಿಲೋಮೀಟರ್. ದಿನಾ ಹತ್ತು, ಅದೂ ಏದುಸಿರು ಬಿಡುತ್ತಾ ಅಂದರೆ ಆರು ವಾರದಲ್ಲಿ ಹುಡುಗಿ ಓಟ ಬಿಟ್ಟು ಕುಂಟುತ್ತಿರುತ್ತಾಳೆ. ಬೆಳೆಯುವ ಮೂಳೆಗೆ ಅಷ್ಟು ಹೊರೆ ತಡೆಯಲ್ಲ. ನಿಜವಾದ ತರಬೇತಿಯಲ್ಲಿ ಹೆಚ್ಚಿನ ಓಟ ನಿಧಾನ. ಪೂರ್ತಿ ವಾಕ್ಯ ಮಾತಾಡುತ್ತಾ ಓಡಬಹುದಾದಷ್ಟು ನಿಧಾನ, ಐದಾರು ಕಿಲೋಮೀಟರ್. ವಾರಕ್ಕೆ ಎರಡು ದಿನ ಮಾತ್ರ ಜೋರು. ಒಂದೋ ಎರಡೋ ದಿನ ಓಟವೇ ಇಲ್ಲ. ಇದು ಬರೆಯಲು ಸಪ್ಪೆ ಅನ್ನಿಸುತ್ತದೆ, ಗೊತ್ತು. ಆದರೆ ನಿಧಾನ ಓಡುವುದು ಆ ವಯಸ್ಸಿಗೆ ಎಷ್ಟು ಕಷ್ಟ ಅಂತ ನೋಡಿದರೆ ಅಲ್ಲೂ ಕತೆ ಇದೆ. ಯಾರಾದರೂ ನೋಡುತ್ತಿದ್ದರೆ ಸಾಕು, ಕಾಲು ತಾನಾಗಿ ಜೋರಾಗುತ್ತದೆ.

ಗಾಯ ಬೇಕೇ ಬೇಕು ಅಂದರೆ ಮೊಣಕಾಲು ಊದಿಸಬೇಡಿ. ಎಲ್ಲ ಕತೆಗಳಲ್ಲೂ ಮೊಣಕಾಲೇ ಊದುತ್ತದೆ. ಈ ಓಟಗಾರರಿಗೆ ಬರುವುದು ಮುಂಗಾಲಿನ ಮೂಳೆಯ ನೋವು, ಶಿನ್ ಸ್ಪ್ಲಿಂಟ್ಸ್ ಅನ್ನುತ್ತೇವೆ. ಮೊಣಕಾಲಿನ ಕೆಳಗೆ, ಮೂಳೆಯ ಒಳಬದಿಯ ಅಂಚಿನಲ್ಲಿ, ಪಾದದ ಕಡೆಗೆ ಒಂದು ಗೇಣಿನಷ್ಟು ಜಾಗ ಒತ್ತಿದರೆ ನೋಯುತ್ತದೆ. ಓಟ ಶುರುಮಾಡಿದಾಗ ನೋವು, ಮೈ ಬಿಸಿಯಾದ ಮೇಲೆ ಕಡಿಮೆ, ಮರುದಿನ ಎದ್ದು ಮೊದಲ ಹೆಜ್ಜೆ ಇಟ್ಟಾಗ ಮತ್ತೆ. ಬಿಸಿಲಿಗೆ ಕಾದು ಗಟ್ಟಿಯಾದ ಮಣ್ಣು ಡಾಂಬರಿಗಿಂತ ಮೆತ್ತಗೇನಲ್ಲ, ಇದನ್ನು ಮರೆಯಬೇಡಿ. ನಾವು ಕೋಚ್‌ಗಳು ಭಯ ಬೀಳುವುದು ಇನ್ನೊಂದಕ್ಕೆ. ಎಲ್ಲಿ ನೋಯುತ್ತೆ ಅಂದಾಗ ಮಗು ಅಂಗೈ ಸವರಿ ತೋರಿಸಿದರೆ ಸ್ವಲ್ಪ ಸಮಾಧಾನ. ಒಂದೇ ಬೆರಳಿಟ್ಟು "ಇಲ್ಲೇ" ಅಂದರೆ, ಒಂಟಿ ಕಾಲಿನಲ್ಲಿ ಕುಪ್ಪಳಿಸಿದಾಗ ಅದೇ ಚುಕ್ಕಿಯಲ್ಲಿ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ, ಮೂಳೆಯಲ್ಲೇ ಸಣ್ಣ ಬಿರುಕು ಇರಬಹುದು. ಆಗ ಓಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಲೇಬೇಕು. ಅಂಥ ಕಾಲಿನಲ್ಲಿ ಓಡಿ ಗೆದ್ದಳು ಅಂತ ಮಾತ್ರ ದಯವಿಟ್ಟು ಬರೆಯಬೇಡಿ. ಅಂಗೈ ತೋರಿಸಬೇಕಾ ಬೆರಳು ತೋರಿಸಬೇಕಾ ಅಂತ ಹುಡುಗಿ ಕೋಚ್ ಎದುರು ಒಂದು ಕ್ಷಣ ಯೋಚಿಸಿದರೆ, ನಿಮಗೆ ಬೇಕಾದ ಸಂಕಟ ಅಲ್ಲೇ ಸಿಗುತ್ತದೆ.

ಕತ್ತಲು ನೀವು ಚೆನ್ನಾಗಿ ಬರೆದಿರಬಹುದು, ಆದರೂ ಎರಡು ಮಾತು. ಕತೆಗಾರರು ಬೆಳಗಿನ ಜಾವಕ್ಕೆ ಸುಮ್ನೆ ಒಂದು ಚಂದ್ರನನ್ನು ತಂದು ನಿಲ್ಲಿಸುತ್ತಾರೆ. ಬಿದಿಗೆ, ತದಿಗೆಯ ಎಳೆ ಚಂದ್ರ ಸಂಜೆ ಪಶ್ಚಿಮದಲ್ಲಿ ಕಂಡು ಬೇಗ ಮುಳುಗುತ್ತಾನೆ, ಬೆಳಗಿನ ಜಾವಕ್ಕೆ ಇರುವುದಿಲ್ಲ. ಹುಣ್ಣಿಮೆಯ ಚಂದ್ರ ಆ ಹೊತ್ತಿಗೆ ಪಶ್ಚಿಮಕ್ಕೆ ಇಳಿದಿರುತ್ತಾನೆ. ಬೆಳಗಿನ ಜಾವ ಪೂರ್ವದಲ್ಲಿ ತೆಳ್ಳಗೆ ಕಾಣುವುದು ಅಮಾವಾಸ್ಯೆಗೆ ಎರಡು ಮೂರು ದಿನ ಮುಂಚಿನ ಚಂದ್ರ. ಆರು ವಾರದ ಕತೆಯಾದರೆ ಚಂದ್ರ ಒಂದೂವರೆ ಸಲ ಬೆಳೆದು ಕರಗುತ್ತಾನೆ. ಅಂದರೆ ಕೆಲವು ದಿನ ರಸ್ತೆ ಬೆಳ್ಳಗೆ ಕಾಣುತ್ತದೆ, ಕೆಲವು ದಿನ ಕಾಲೇ ಕಾಣುವುದಿಲ್ಲ.

ಎರಡನೆಯದು ಕಣ್ಣು. ದೀಪದ ಕೋಣೆಯಿಂದ ಹೊರಗೆ ಬಂದವಳಿಗೆ ಕತ್ತಲಿಗೆ ಕಣ್ಣು ಪೂರ್ತಿ ಹೊಂದಲು ಇಪ್ಪತ್ತು, ಮೂವತ್ತು ನಿಮಿಷ ಬೇಕು. ಅಷ್ಟರಲ್ಲಿ ಎದುರಿನಿಂದ ಒಂದು ಬೈಕಿನ ಹೆಡ್‌ಲೈಟ್ ಬಂತು ಅಂದರೆ ಹೊಂದಿದ್ದೆಲ್ಲ ಹೋಯಿತು, ಬೈಕ್ ದಾಟಿದ ಮೇಲೆ ಮೊದಲಿಗಿಂತ ಕಡುಗತ್ತಲು. ಗಾಡಿಯ ಚಕ್ರ ಕೊರೆದ ಹಳ್ಳಕ್ಕೆ ಕಾಲು ಬಿದ್ದು ಹಿಮ್ಮಡಿ ಒಳಕ್ಕೆ ಮಗುಚುವುದು ಆಗಲೇ. ಅಭ್ಯಾಸ ಇರುವವರು ಬೆಳಕು ಬಂದಾಗ ಒಂದು ಕಣ್ಣು ಮುಚ್ಚಿಕೊಳ್ಳುತ್ತಾರೆ, ಆ ಕಣ್ಣು ಹಾಗೇ ಉಳಿಯುತ್ತದೆ. ಮಸುಕಾದ ವಸ್ತುವನ್ನು ನೇರ ನೋಡಿದರೆ ಮಾಯವಾಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ನಿಮ್ಮ ಹುಡುಗಿ ಹಳ್ಳವನ್ನು ಓರೆಗಣ್ಣಲ್ಲಿ ನೋಡಿ ದಾಟುತ್ತಾಳೆ ಅಂತ ಒಂದು ಸಾಲು ಬರೆಯಿರಿ, ಗೆಳೆಯ ಅಲ್ಲೇ ನಿಲ್ಲುತ್ತಾನೆ. ಅಂದಹಾಗೆ, ನಿಮ್ಮ ಹುಡುಗಿ ಒಂಟಿಯಾಗಿ ಕತ್ತಲಲ್ಲಿ ಓಡುವುದನ್ನು ಕೋಚ್ ಆಗಿ ನಾನು ಒಪ್ಪಲ್ಲ. ಆ ಸೈಕಲ್ಲಿನ ತಮ್ಮ ಹಿಂದೆ ಬರಲಿ.

ಮೈಯ ಬಗ್ಗೆಯೂ ಒಂದು ಮಾತು. ಬೆಳಗಿನ ಜಾವ ನಾಲ್ಕೈದರ ಹೊತ್ತಿಗೆ ದೇಹದ ಉಷ್ಣತೆ ಇಡೀ ದಿನದಲ್ಲೇ ಕಡಿಮೆ ಇರುತ್ತದೆ. ಸ್ನಾಯು ಬಿಗಿದಿರುತ್ತದೆ. ಮೊದಲ ಹತ್ತು ಹದಿನೈದು ನಿಮಿಷ ಯಾವ ಓಟಗಾರನೂ ಜಿಂಕೆಯಂತೆ ಓಡುವುದಿಲ್ಲ, ಮುದುಕರಂತೆ ಕಾಲೆಳೆಯುತ್ತಾನೆ. ಮತ್ತೆ, ಸೂರ್ಯ ಹುಟ್ಟುವ ಹೊತ್ತಿಗೆ ಬೆಚ್ಚಗಾಗುತ್ತದೆ ಅಂತ ಬರೆದಿದ್ದರೆ ಅದೂ ತಪ್ಪು. ಸಾಮಾನ್ಯವಾಗಿ ಅತಿ ಹೆಚ್ಚು ಚಳಿ ಆಗಲೇ.

ಇದರಿಂದ ಕೂಟದ ದಿನಕ್ಕೆ ಒಂದು ಒಳ್ಳೆ ತೊಡಕು ಹುಟ್ಟುತ್ತದೆ. ಆರು ವಾರ ತಂಪಿನಲ್ಲಿ, ಖಾಲಿ ಹೊಟ್ಟೆಯಲ್ಲಿ, ಎದ್ದ ಅರ್ಧ ಗಂಟೆಗೆ ಓಡಿದವಳು. ಕೂಟದಲ್ಲಿ ಅವಳ ಓಟ ಮಧ್ಯಾಹ್ನ ಎರಡಕ್ಕೆ. ಕರೆದಿದ್ದು ಹನ್ನೊಂದಕ್ಕೆ, ಆಮೇಲೆ ತಡ, ಇನ್ನೂ ತಡ. ಬಿಸಿಲಿಗೆ ಮೈ ಒಗ್ಗಲು ಹತ್ತು ಹದಿನಾಲ್ಕು ದಿನ ಬೇಕು, ಅವಳಿಗೆ ಒಂದು ದಿನವೂ ಆಗಿಲ್ಲ. ಎರಡು ಸಲ ವಾರ್ಮಪ್ ಮಾಡಿ ಎರಡು ಸಲ ಕೂತು ತಣ್ಣಗಾಗುತ್ತಾಳೆ. ಏನು ತಿನ್ನಬೇಕು, ಯಾವಾಗ ತಿನ್ನಬೇಕು ಅನ್ನುವುದೇ ಗೊತ್ತಿಲ್ಲ. ಚೆಸ್ಟ್ ನಂಬರಿನ ಪಿನ್ ಬೆವರಿಗೆ ಬಟ್ಟೆ ಎಳೆಯುತ್ತದೆ. ಯಾರೋ ಸ್ಪೈಕ್ಸ್ ಕೊಡಲು ಬರುತ್ತಾರೆ. ಅದನ್ನು ಅವತ್ತೇ ಮೊದಲ ಸಲ ಹಾಕಿದರೆ ಹಿಮ್ಮಡಿ ಕೆಳಗಾಗಿ ಮೀನಖಂಡ ಎಳೆಯುತ್ತದೆ. ಬೇಡ ಅನ್ನಿಸಿ, ತನ್ನ ಹಳೆ ಶೂ ಸಾಕು.

ಕೂಟಕ್ಕೆ ಮುಂಚಿನ ವಾರವನ್ನು ನೀವು ಅತಿ ಕಠಿಣ ತರಬೇತಿಯ ವಾರ ಮಾಡಿದ್ದೀರಿ ಅಂತ ಊಹಿಸುತ್ತೇನೆ, ಎಲ್ಲರೂ ಹಾಗೇ ಮಾಡುತ್ತಾರೆ. ನಿಜದಲ್ಲಿ ಅದು ತಲೆಕೆಳಗು. ಒಂದು ಕಠಿಣ ಓಟದ ಫಲ ಮೈಗೆ ಹತ್ತಲು ಹತ್ತಿರಹತ್ತಿರ ಹತ್ತು ದಿನ ಬೇಕು. ಕೊನೆಯ ವಾರ ಜೋರಾಗಿ ಓಡಿದರೆ ಸಿಗುವುದು ಸುಸ್ತು ಮಾತ್ರ. ಆದ್ದರಿಂದ ದೂರವನ್ನು ಅರ್ಧಕ್ಕೆ ಇಳಿಸಿ, ಒಂದೆರಡು ಚಿಕ್ಕ ಚುರುಕು ಓಟ ಇಟ್ಟುಕೊಳ್ಳುತ್ತೇವೆ. ಆ ವಾರ ಮಕ್ಕಳಿಗೆ ಏನೇನೋ ಆಗುತ್ತದೆ. ಕಾಲು ಭಾರ ಅನ್ನಿಸುತ್ತದೆ, ಇಲ್ಲದ ನೋವು ಹುಟ್ಟುತ್ತದೆ, ಗಂಟಲು ಕೆರೆದಂತಾಗುತ್ತದೆ. ನಾಲ್ಕೂವರೆಗೆ ಎಚ್ಚರವಾಗಿ, ಓಡುವ ಹಾಗಿಲ್ಲ ಅಂತ ನೆನಪಾಗಿ, ಹೊದಿಕೆಯೊಳಗೆ ಕಣ್ಣು ಬಿಟ್ಟುಕೊಂಡು ಮಲಗಿರುವ ಹುಡುಗಿ ಕತೆಗೆ ಹೆಚ್ಚು ಕೆಲಸಕ್ಕೆ ಬರುತ್ತಾಳೆ.

ಈಗ ಓಟವನ್ನು ಮತ್ತೆ ಓಡಿಸೋಣ. ಗುಂಡು ಹಾರಿತು, ಎಲ್ಲರೂ ನುಗ್ಗಿದರು. ನಿಮ್ಮವಳ ಮೈ 66ರ ವೇಗ ಹುಡುಕಿಕೊಳ್ಳುತ್ತದೆ, ಹೆದರಿಕೆಗೆ ಒಂದು ಸೆಕೆಂಡ್ ಕಮ್ಮಿಯಾಗಿ 300 ಮೀಟರಿಗೆ 65ರಲ್ಲಿ ಬರುತ್ತಾಳೆ. ಮುಂದಿನವಳು 58ರಲ್ಲಿ ದಾಟಿಯಾಗಿದೆ. ಅಂತರ ಮೂವತ್ತು ಮೀಟರಿಗೂ ಜಾಸ್ತಿ. ಉಳಿದ ಸುತ್ತು ತೋರಿಸುವ ಬೋರ್ಡಿನಲ್ಲಿ 3 ಅಂತ ಕಾಣುತ್ತದೆ. ನಿಮ್ಮವಳು ಕೊನೆಯಿಂದ ಎರಡನೆಯವಳು, ಹೊರಗಿನಿಂದ ಯಾರೋ "ಓಡೇ!" ಅಂತ ಕೂಗುತ್ತಾರೆ. ಅವಳು ಓಡುತ್ತಲೇ ಇದ್ದಾಳೆ, 88. ಮುಂದಿನವಳು 84. ಈಗ 700 ಮೀಟರ್ ಆಗಿದೆ, ಅಂತರ ಹನ್ನೊಂದು ಸೆಕೆಂಡ್, ಅಂದರೆ ಸುಮಾರು ಐವತ್ತು ಮೀಟರ್. ನೋಡಿ, ನಿಮ್ಮ ಅರವತ್ತು ಮೀಟರ್ ಹತ್ತಿರಹತ್ತಿರ ಇಲ್ಲಿ ಸಿಕ್ಕಿತು! ಇಲ್ಲಿ ಅವಳಿಗೆ ಸಂಶಯ ಬರಲಿ. ಕಲ್ಲುಗಳನ್ನು ತಪ್ಪಾಗಿ ಇಟ್ಟೆನಾ, ದಾರದ ಎಣಿಕೆ ತಪ್ಪಿತಾ ಅಂತ.

ಮುಂದಿನ ಸುತ್ತಿನಲ್ಲಿ ಅವಳು ಏನೂ ಮಾಡುವುದಿಲ್ಲ. 89. ಮುಂದಿನವಳ ಭುಜ ಏರುತ್ತದೆ, 96. ಗಂಟೆ ಹೊಡೆದಾಗ ಐವತ್ತು ಮೀಟರ್ ಇದ್ದದ್ದು ಹದಿನೆಂಟು ಆಗಿದೆ. ಜನ ಇವಳು ಜೋರಾಗಿ ಓಡಿ ಹಿಡಿದಳು ಅಂದುಕೊಳ್ಳುತ್ತಾರೆ. ಇವಳು ಹಿಂದಿನ ಸುತ್ತಿಗಿಂತ ಒಂದು ಸೆಕೆಂಡ್ ನಿಧಾನವೇ ಓಡಿದ್ದಾಳೆ, ಅಲ್ವಾ? ಕೊನೆಯ ಸುತ್ತು 84. ಅರ್ಧ ಸುತ್ತು ಆಗುವ ಹೊತ್ತಿಗೆ, ಕೊನೆಯ ಕರ್ವ್ ಶುರುವಾಗುವಲ್ಲಿ ಮುಂದಿನವಳ ಬೆನ್ನಿಗೆ ಬಂದಿರುತ್ತಾಳೆ. ಇಲ್ಲಿ ಒಂದು ತೀರ್ಮಾನ ಇದೆ. ಕರ್ವಿನಲ್ಲಿ ಒಂದು ಮೀಟರ್ ಹೊರಗೆ ಓಡಿ ದಾಟಲು ಹೋದರೆ ಆ ಒಂದೇ ಕರ್ವಿಗೆ ಮೂರು ಮೀಟರ್ ಜಾಸ್ತಿ ಓಡಬೇಕು. ಒಳಗೆ ಬೆನ್ನಿಗೆ ಅಂಟಿಕೊಂಡು ಕಾದು, ನೇರ ಭಾಗ ತೆರೆದಾಗ ಹೊರಗೆ ಬಂದರೆ ಆ ಮೂರು ಮೀಟರ್ ಉಳಿಯಿತು. ಮಣ್ಣುರಸ್ತೆ ಇದನ್ನು ಅವಳಿಗೆ ಕಲಿಸಿಲ್ಲ, ಅಲ್ಲಿ ಕರ್ವೇ ಇಲ್ಲ. ತಪ್ಪು ಮಾಡಿಸುವುದಾದರೆ ಇಲ್ಲಿ ಮಾಡಿಸಿ: ಹೊರಗಿನಿಂದ ದಾಟಲು ಹೋಗಿ ಕರ್ವ್ ಪೂರ್ತಿ ಪಕ್ಕಪಕ್ಕದಲ್ಲೇ ಓಡಿ, ಕೊನೆಯ ಐವತ್ತು ಮೀಟರಿನಲ್ಲಿ ಹೇಗೋ ಮುಂದಾಗುತ್ತಾಳೆ. ಒಟ್ಟು 5:26.

ಇದು ಮೊದಲ ಸ್ಥಾನ ಆಗಬೇಕೆಂದೇನೂ ಇಲ್ಲ. ಇವರಿಬ್ಬರಿಗಿಂತ ಮುಂದೆ, ಯಾರ ತಂಟೆಗೂ ಹೋಗದೆ 5:15ರಲ್ಲಿ ಮುಗಿಸಿದ ಒಬ್ಬಳು ಇರಬಹುದು. ನಿಮ್ಮ ಕತೆಯಲ್ಲಿ ಅವಳನ್ನು ಯಾರೂ ಗಮನಿಸದೇ ಇದ್ದರೂ ನಡೆಯುತ್ತದೆ. ನನಗೆ ಎರಡನೆಯ ಸ್ಥಾನವೇ ಇಷ್ಟ, ಅದು ನಿಮಗೆ ಬಿಟ್ಟಿದ್ದು.

ಕೊನೆಯ ಗೆರೆಯಲ್ಲಿ ಕೈ ಚಾಚಿಸಬೇಡಿ. ಲೆಕ್ಕಕ್ಕೆ ಬರುವುದು ಎದೆಯ ಭಾಗ ಗೆರೆ ಮುಟ್ಟಿದ್ದು, ತಲೆಯಾಗಲಿ ಕೈಯಾಗಲಿ ಅಲ್ಲ. ದಾಟಿದ ಮೇಲೆ ಅವಳು ಕುಣಿಯುವುದೂ ಇಲ್ಲ. ಮೊಣಕಾಲಿಗೆ ಕೈಯೂರಿ ಬಗ್ಗಿ ನಿಲ್ಲುತ್ತಾಳೆ, ನಾಲಿಗೆಯಲ್ಲಿ ಕಬ್ಬಿಣ ನೆಕ್ಕಿದಂಥ ರುಚಿ. ಆಮೇಲೆ ಕೆಮ್ಮು ಶುರುವಾಗುತ್ತದೆ. ಧೂಳಿನ ಒಣಗಾಳಿಯನ್ನು ಐದೂವರೆ ನಿಮಿಷ ಬಾಯಲ್ಲಿ ಎಳೆದುಕೊಂಡ ಗಂಟಲಿನ ಒಣ ಕೆಮ್ಮು. ಒಂದು ಗಂಟೆಯಾದರೂ ಬಿಡುವುದಿಲ್ಲ. ಟೈಮ್ ಎಷ್ಟು ಅಂತ ತಮ್ಮ ಕೇಳಿದರೆ ಅವಳಿಗೆ ಹೇಳಲಾಗುವುದಿಲ್ಲ, ಕೆಮ್ಮುತ್ತಾ ಬೆರಳಲ್ಲಿ ತೋರಿಸುತ್ತಾಳೆ: ಐದು, ಆಮೇಲೆ ಎರಡು, ಆಮೇಲೆ ಆರು.